ನುಸಿಗೂ ಉಸಿರು ಬೇಕು

ಕೊಡೇಕಲ್ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಸವಣ್ಣನವರ ಕಾಲಜ್ಞಾನ. ಮುಂದೆ ಏನೇನು ಆಗಲಿದೆ ಅನ್ನುವುದೆಲ್ಲ ಅದರಲ್ಲಿ ಬರೆದಿದೆ ಅಂತ ಜನ ನಂಬುತ್ತಾರೆ. ನಮ್ಮ ಮನೆಯಲ್ಲಿ ಇನ್ನೊಂದು ಕಾಲಜ್ಞಾನ ಇತ್ತು, ಅದು ನಮ್ಮ ಆಯಿಯದು. ಆಕೆ ರಾಶಿ ಆದ ಹೊಸ ಜೋಳದಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿಯುತ್ತಿದ್ದಳು. 'ಕಟ್' ಅಂತ ಸಪ್ಪಳ ಬಂದರೆ ಮುಖ ಅರಳುತ್ತಿತ್ತು. ಬರದಿದ್ದರೆ, "ಇನ್ನಾ ಎರಡು ಬಿಸಿಲು ಕೊಡ್ರಿ. ಇಲ್ಲಂದ್ರ ಶ್ರಾವಣದಾಗ ನೀವು ರೊಟ್ಟಿ ತಿನ್ನಂಗಿಲ್ಲ, ನುಸಿ ತಿಂತಾವ" ಅನ್ನುತ್ತಿದ್ದಳು. ಹಲ್ಲು ಇರುವವರೆಗೂ ಆಕೆಯ ಭವಿಷ್ಯ ಸುಳ್ಳಾಗಲಿಲ್ಲ. ಹಲ್ಲು ಬಿದ್ದ ಮೇಲೆ ಕಾಳು ಕಡಿಯುವ ಕೆಲಸ ನಮ್ಮ ದೊಡ್ಡ ವೈನಿಗೆ ಬಂತು. ಸಪ್ಪಳ ಕೇಳಿ ತೀರ್ಪು ಕೊಡುವ ಅಧಿಕಾರವನ್ನು ಮಾತ್ರ ಆಯಿ ಬಿಟ್ಟುಕೊಡಲಿಲ್ಲ.

ಆ ಸಪ್ಪಳದ ಹಿಂದೆ ಒಂದು ಲೆಕ್ಕ ಇದೆ. ಜೋಳವನ್ನು ವರ್ಷಗಟ್ಟಲೆ ಇಡಬೇಕಾದರೆ ಅದರ ತೂಕದಲ್ಲಿ ನೂರಕ್ಕೆ 12ಕ್ಕಿಂತ ಹೆಚ್ಚು ನೀರಿನಂಶ ಇರಬಾರದು. ತೊಗರಿ, ಕಡಲೆಗೆ 10ರ ಆಸುಪಾಸು ಸಾಕು. 14 ದಾಟಿದರೆ ಬೂಸ್ಟು ಹಿಡಿಯಲು ದಾರಿ ಮಾಡಿಕೊಟ್ಟಂತೆಯೇ. ಒಣಗಿದ ಕಾಳು ಹಲ್ಲಿಗೆ ಸಿಕ್ಕರೆ ಒಡೆಯುತ್ತದೆ, ಹಸಿ ಇದ್ದದ್ದು ಮಣಿಯುತ್ತದೆ. ಹಲ್ಲಿನ ಮೇಲೆ ನಂಬಿಕೆ ಇಲ್ಲದವರಿಗೆ ಇನ್ನೊಂದು ಉಪಾಯ ಇದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಕಾಳು ಹಾಕಿ, ಮೇಲೆ ಒಂದೆರಡು ಚಮಚ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ, ಬಾಯಿ ಮುಚ್ಚಿ ಒಂದು ನಿಮಿಷ ಅಲುಗಾಡಿಸಬೇಕು. ಕಾಲು ತಾಸು ಬಿಟ್ಟು ನೋಡಿದಾಗ ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ನೀರಿದೆ ಅಂತ ಲೆಕ್ಕ. ಅಂಟದೆ ಕೆಳಗೆ ಉದುರಿದರೆ ಪಾಸು. ಆದರೆ ಪಾಸಾಯಿತು ಅಂದರೆ 15ಕ್ಕಿಂತ ಕಡಿಮೆ ಅಂತ ಮಾತ್ರ ಗೊತ್ತಾಯಿತು, 12 ಮುಟ್ಟಿದೆ ಅಂತ ಅಲ್ಲ. ಹಾಗಾಗಿ ಉಪ್ಪು ಪಾಸು ಮಾಡಿದ ಮೇಲೂ ಒಂದು ಬಿಸಿಲು ಕೊಡುವುದು ಒಳ್ಳೆಯದು. ಈ ಪರೀಕ್ಷೆಯನ್ನು ಆಯಿಗೆ ಮಾಡಿ ತೋರಿಸಿದಾಗ ಆಕೆ ಬಾಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಉಪ್ಪು ದಂಡ ಆತಲ್ಲೋ" ಅಂದಳು. ಅಷ್ಟೇ ಆಕೆಯ ವಿಮರ್ಶೆ.

ನಮ್ಮ ಭಾಗದ ಅಸಲು ಉಗ್ರಾಣ ಇದ್ದದ್ದು ನೆಲದ ಕೆಳಗೆ. ಹಗೇವು ಅಂತ ಈಗಿನ ಹುಡುಗರಿಗೆ ಹೇಳಿದರೆ ಯಾರದೋ ಮನೆ ಅಡ್ಡಹೆಸರು ಅಂದುಕೊಳ್ಳುತ್ತಾರೆ. ಎರೆ ನೆಲದಲ್ಲಿ ಹಗೇವು ತೋಡುವಂತಿಲ್ಲ. ಆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ಗರಸು ಇರುವ, ನೀರು ನಿಲ್ಲದ ಎತ್ತರದ ಜಾಗ ನೋಡಿ, ಮನೆಯ ಮುಂದೋ ಓಣಿಯ ಪಕ್ಕದಲ್ಲೋ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಆಳುಮಟ್ಟಕ್ಕಿಂತ ಹೆಚ್ಚು ಆಳ. ಕೆಲವಕ್ಕೆ ಕಲ್ಲು ಕಟ್ಟುತ್ತಿದ್ದರು, ಕೆಲವಕ್ಕೆ ಬರೀ ಮೆತ್ತುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಒಣಗಿದ ಕಣಕಿ, ಹೊಟ್ಟು ದಪ್ಪಗೆ ಹಾಸಿ, ಬಿಸಿಲಿಗೆ ಒಣಗಿದ ಜೋಳ ಸುರಿಯುತ್ತಿದ್ದರು. ಬಾಯಿಯ ಮಟ್ಟಕ್ಕೆ ಬಂದ ಮೇಲೆ ಮತ್ತೆ ಹೊಟ್ಟು, ಅದರ ಮೇಲೆ ಹಾಸುಗಲ್ಲು, ಕಲ್ಲಿನ ಸಂದಿಗೆ ಮಣ್ಣು, ಸೆಗಣಿ. ಅದರ ಮೇಲೆ ಮಣ್ಣು ಎಳೆದುಬಿಟ್ಟರೆ ಅಲ್ಲಿ ಇಪ್ಪತ್ತು ಚೀಲ ಜೋಳ ಮಲಗಿದೆ ಅಂತ ದಾರಿಹೋಕನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಿರಲಿ ಅನ್ನುವುದೂ ಒಂದು ಉದ್ದೇಶವೇ. ಕಳ್ಳರಿಗೂ ಕಂದಾಯದವರಿಗೂ ಹೆದರುತ್ತಿದ್ದ ಕಾಲ ಅದು.

ಹಗೇವಿನೊಳಗೆ ಬೇವಿನ ಸೊಪ್ಪು ಹಾಕಿದರು, ಬೂದಿ ಹಾಕಿದರು ಅಂತ ಹೇಳುವವರಿದ್ದಾರೆ. ಹಾಕಿರಲೂಬಹುದು. ಆದರೆ ನುಸಿಯನ್ನು ಕೊಂದದ್ದು ಅದಲ್ಲ, ನುಸಿಯದೇ ಉಸಿರು. ಬಾಯಿ ಮುಚ್ಚಿದ ಮೇಲೆ ಒಳಗಿದ್ದ ಗಾಳಿ ಇದ್ದಷ್ಟೇ. ಕಾಳಿನೊಳಗಿನ ಹುಳವೂ ಉಸಿರಾಡುತ್ತದೆ, ಕಾಳೂ ತುಸು ಉಸಿರಾಡುತ್ತದೆ, ತೇವದಲ್ಲಿದ್ದ ಬೂಸ್ಟೂ ಉಸಿರಾಡುತ್ತದೆ. ಕೆಲವು ವಾರಗಳಲ್ಲಿ ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಮ್ಲಜನಕ ನೂರಕ್ಕೆ ಮೂರು-ನಾಲ್ಕಕ್ಕೆ ಇಳಿದರೆ ಹುಳ ತಿನ್ನುವುದನ್ನೇ ಬಿಡುತ್ತದೆ. ಆಮೇಲೆ ನಡೆಯುವುದು ಇನ್ನೂ ಸೋಜಿಗ. ಒಣಕಾಳಿನಲ್ಲಿ ಹುಟ್ಟಿ ಬೆಳೆಯುವ ಈ ಹುಳಕ್ಕೆ ಕುಡಿಯಲು ನೀರು ಎಲ್ಲಿಂದ ಸಿಗಬೇಕು? ತಿಂದ ಹಿಟ್ಟನ್ನು ಆಮ್ಲಜನಕದ ಜೊತೆ ಸುಟ್ಟುಕೊಂಡು ಮೈಯೊಳಗೇ ನೀರು ಮಾಡಿಕೊಳ್ಳುತ್ತದೆ. ಆಮ್ಲಜನಕ ಇಲ್ಲದಿದ್ದರೆ ನೀರೂ ಇಲ್ಲ. ಅಂದರೆ ಮುಚ್ಚಿದ ಹಗೇವಿನಲ್ಲಿ ಹುಳ ಉಸಿರುಗಟ್ಟಿ ಸಾಯುವುದಕ್ಕಿಂತ ಹೆಚ್ಚಾಗಿ ಬಾಯಾರಿ ಒಣಗಿ ಸಾಯುತ್ತದೆ. ಕೃಷ್ಣೆ ಕೂಗಳತೆಯಲ್ಲಿದ್ದರೂ ನೀರಿಗೆ ಪರದಾಡಿದ ನಮ್ಮ ಊರಿನ ಹಳಬರಿಗೆ ಇದು ಗೊತ್ತಿದ್ದರೆ, ನುಸಿಯ ಮೇಲೂ ಒಂದಿಷ್ಟು ಕನಿಕರ ಹುಟ್ಟುತ್ತಿತ್ತೇನೋ.

ಇದೇ ಕಾರಣಕ್ಕೆ ಹಗೇವು ತೆರೆಯುವುದು ಅಂದರೆ ಮನೆಯಲ್ಲಿ ಎಲ್ಲರಿಗೂ ಎದೆ ಡವಡವ. ಒಳಗಿದ್ದ ಕೆಟ್ಟ ಗಾಳಿ ಮನುಷ್ಯರನ್ನೂ ಬಿಡುವುದಿಲ್ಲ. ಕಲ್ಲು ಸರಿಸಿ ಒಂದು ರಾತ್ರಿಯಾದರೂ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ಹಗ್ಗ ಹಿಡಿದು ಮಾತಾಡಿಸುತ್ತಲೇ ಇರಬೇಕು. ಕೆಳಗಿದ್ದವನು ಉತ್ತರ ಕೊಡುವುದು ನಿಲ್ಲಿಸಿದರೆ ಎಳೆಯುವುದು. ನಮ್ಮ ಮುತ್ಯಾ ಇಳಿದಾಗ ಮೇಲೆ ಹಗ್ಗ ಹಿಡಿಯುತ್ತಿದ್ದವಳು ಆಯಿ. "ಅರವತ್ತು ವರ್ಷದ ಸಂಸಾರದಾಗ ನಾ ಕೇಳಿದ್ದಕ್ಕೆಲ್ಲ ಆತ ತಡಾ ಮಾಡದ ಉತ್ತರ ಕೊಟ್ಟದ್ದು ಹಗೇವಿನಾಗ ಇದ್ದಾಗಷ್ಟೇ" ಅಂತ ಆಕೆ ಹೇಳುತ್ತಿದ್ದಳು. ಹಾಗಂತ ಹಳೆ ಹಗೇವು ಎಲ್ಲಾದರೂ ಸಿಕ್ಕರೆ ಕಂದೀಲು ನಂಬಿ ಇಳಿಯಬೇಡಿ. ದೀಪ ಉರಿಯುವಷ್ಟು ಆಮ್ಲಜನಕ ಇದ್ದರೂ ಮನುಷ್ಯನನ್ನು ಕೆಡವುವಷ್ಟು ಬೇರೆ ಗಾಳಿ ಅಲ್ಲಿರಬಹುದು.

ಹಗೇವಿನ ಜೋಳಕ್ಕೆ ಐಬೂ ಇತ್ತು. ನಡುವಿನ ಜೋಳ ಹೂವಿನ ಹಾಗೆ ಹೊರಗೆ ಬಂದರೂ ಗೋಡೆಗೆ ತಾಗಿದ್ದು ಮಣ್ಣಿನ ತಂಪು ಹೀರಿ ಕಂದಿ, ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಅದು ದನಕ್ಕೆ ಅನ್ನುವವರಿದ್ದರು. ಬೂಸ್ಟು ಹಿಡಿದದ್ದು ದನಕ್ಕೂ ಒಳ್ಳೆಯದಲ್ಲ ಅಂತ ಈಗ ಗೊತ್ತಾಗಿದೆ. ನಡುವಿನ ಜೋಳಕ್ಕೂ ಒಂದು ನೆಲದ ವಾಸನೆ ಅಂಟಿರುತ್ತಿತ್ತು. ಎರಡು ಬಿಸಿಲಿಗೆ ಹರವಿ, ತೊಳೆದು ಒಣಗಿಸಿ ಬೀಸಿದರೆ ಬಹಳಷ್ಟು ಹೋಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಬಿತ್ತನೆ ಬೀಜವನ್ನು ಮಾತ್ರ ಯಾರೂ ಹಗೇವಿಗೆ ಹಾಕುತ್ತಿರಲಿಲ್ಲ. ಅಲ್ಲಿಂದ ಬಂದ ಕಾಳು ಸರಿಯಾಗಿ ಮೊಳೆಯುವುದಿಲ್ಲ. ಬೀಜಕ್ಕೆ ಬೇರೆ ಗಡಿಗೆ, ಬೂದಿ, ಅಟ್ಟದ ಮೇಲಿನ ಹೊಗೆ.

ಇಂಥ ಗುಂಡಿ ನಮ್ಮದೊಂದೇ ಅಲ್ಲ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ 17ನೇ ಶತಮಾನದಲ್ಲಿ ಬಂಡೆ ಕೊರೆದು ಇಂಥವೇ ಗೋದಿ ಗುಂಡಿಗಳನ್ನು ಮಾಡಿ, ಮೇಲೆ ದುಂಡನೆಯ ಕಲ್ಲು ಮುಚ್ಚಿದ್ದರು. ಫ್ಲೋರಿಯಾನಾ ಅನ್ನುವ ಪಟ್ಟಣದ ಮೈದಾನದಲ್ಲಿ ಆ ಕಲ್ಲುಗಳ ಸಾಲು ಈಗಲೂ ಇದೆ. ಅಲ್ಲಿ ಅದನ್ನು ಪ್ರವಾಸಿಗರು ನಿಂತು ನೋಡುತ್ತಾರೆ. ನಮ್ಮಲ್ಲಿ ಹಗೇವಿನ ಮೇಲೆ ಸಿ.ಸಿ. ರಸ್ತೆ ಹಾಸಿ, ಒಂದು ದಿನ ಟ್ರ್ಯಾಕ್ಟರ್ ಗಾಲಿ ಕುಸಿದಾಗ ಅದರ ನೆನಪಾಗುತ್ತದೆ.

ಹಗೇವು ಹೋದದ್ದು ಯಾರದೋ ಅಸಡ್ಡೆಯಿಂದ ಅಲ್ಲ. ನಾರಾಯಣಪುರದಲ್ಲಿ ಬಸವಸಾಗರ ಎದ್ದು ನಿಂತದ್ದು 1982ರಲ್ಲಿ. ಎಡದಂಡೆ ಕಾಲುವೆ ಹರಿಯಿತು. ಒಣಭೂಮಿಯಲ್ಲಿ ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದವರು ಭತ್ತಕ್ಕೆ ತಿರುಗಿದರು. ಕಾಲುವೆಯ ಕೆಳಗೆ ಎಷ್ಟೋ ಕಡೆ ಅಂತರ್ಜಲ ಮೇಲಕ್ಕೆ ಬಂತು. ನೆಲ ಒಳಗಿನಿಂದಲೇ ತೇವ ಆಡಲು ಶುರುವಾದ ಮೇಲೆ ಹಗೇವಿಗೆ ಏನು ಕೆಲಸ? ನೀರಿಗಾಗಿ ನೂರಾರು ವರ್ಷ ಹರಕೆ ಹೊತ್ತ ಜನ, ಬಂದ ನೀರಿಗೆ ಹಗೇವು ಕೊಟ್ಟು ಕೈತೊಳೆದುಕೊಂಡರು. ಲಾಭದ ವ್ಯಾಪಾರ, ಗೊಣಗುವ ಹಾಗಿಲ್ಲ. ಭತ್ತಕ್ಕೆ ಹಗೇವೂ ಬೇಕಿಲ್ಲ. ಮೈಮೇಲೆ ಹೊಟ್ಟಿರುವವರೆಗೆ ಅದು ಅಕ್ಕಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಮನೆಗಳೂ ಪಾಲಾದವು. ಇಪ್ಪತ್ತು ಚೀಲ ಜೋಳ ಬೇಕಿದ್ದ ಮನೆಗೆ ಎರಡು ಚೀಲ ಸಾಕಾಯಿತು. ಆ ಎರಡು ಚೀಲ ಗೋಣಿತಟ್ಟಿನಲ್ಲಿ ನಡುಮನೆಗೆ ಬಂದು ಕೂತವು, ಜೊತೆಗೆ ನುಸಿಯೂ ಕೂತಿತು.

ಗೋಣಿಚೀಲದಲ್ಲಿ ಉಸಿರಿನ ಆ ಲೆಕ್ಕ ಇಲ್ಲ. ಗಾಳಿ ಧಾರಾಳ. ಆಷಾಢದ ತಂಪು ಗಾಳಿಯ ತೇವವನ್ನು ಕಾಳು ಗೋಣಿಯ ಕಣ್ಣುಗಳಿಂದಲೇ ಎಳೆದುಕೊಳ್ಳುತ್ತದೆ. ಫೆಬ್ರುವರಿಯಲ್ಲಿ 'ಕಟ್' ಅಂದ ಕಾಳು ಆಗಸ್ಟಿನಲ್ಲಿ ಅನ್ನುವುದಿಲ್ಲ. ಆಗ ಶುರುವಾಗುವುದೇ ಉಪಾಯಗಳ ಜಾತ್ರೆ. ಒಬ್ಬರು ಬೇವಿನ ಸೊಪ್ಪು ಅಂದರು. ಒಳ್ಳೆಯದೇ, ಆದರೆ ನೆರಳಲ್ಲಿ ಗರಿಗರಿ ಒಣಗಿಸಿದ್ದಾಗಬೇಕು. ಗಿಡದಿಂದ ಕಿತ್ತು ಹಾಗೇ ತುರುಕಿದರೆ ಹಸಿ ಎಲೆಯ ನೀರು ಕಾಳಿಗೆ ಹೋಗಿ, ನುಸಿಗಿಂತ ಮೊದಲೇ ಬೂಸ್ಟು ಬರುತ್ತದೆ. ಇನ್ನೊಬ್ಬರು ಡಬ್ಬಿಯೊಳಗೆ ದೀಪ ಹಚ್ಚಿಟ್ಟು ಮುಚ್ಚಳ ಹಾಕಿ ಅಂದರು. ದೀಪ ಆರುವಾಗ ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಆಮ್ಲಜನಕ ಉಳಿದಿರುತ್ತದೆ. ದೀಪಕ್ಕೆ ಸಾಲದ ಗಾಳಿ ಹುಳಕ್ಕೆ ಭರಪೂರ ಸಾಕು. ಮೂರನೆಯವರು ಸಂತೆಯ ಪಾದರಸದ ಗುಳಿಗೆ ಅಂದರು. ಉಣ್ಣುವ ಕಾಳಿನ ನಡುವೆ ಪಾದರಸ ಯಾಕೆ ಅಂತ ಕೇಳಿದರೆ, "ಎಲ್ಲಾರೂ ಹಾಕ್ತಾರ್ರೀ" ಅನ್ನುವುದೇ ಉತ್ತರ. ಎಲ್ಲಕ್ಕಿಂತ ಕೆಟ್ಟದ್ದು, ಗೊಬ್ಬರದ ಅಂಗಡಿಯ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯ ಚೀಲದಲ್ಲಿ ಇಡುವುದು. ಅದು ತೇವಕ್ಕೆ ಕರಗಿ ಬಿಡುವ ಫಾಸ್ಫೀನ್ ಗಾಳಿ ಹುಳವನ್ನು ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದ ಮಕ್ಕಳನ್ನೂ ಬಿಡುವುದಿಲ್ಲ. ಅದು ತರಬೇತಿ ಪಡೆದವರು ಗೋದಾಮು ಬಿಗಿದು ಮಾಡುವ ಕೆಲಸ, ಮನೆಯದಲ್ಲ. ಈ ಒಂದು ಮಾತಿನಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ.

ಈ ಉಪಾಯಗಳೆಲ್ಲ ಒಂದೇ ಕಡೆ ಎಡವುತ್ತವೆ. ನುಸಿ ಹೊರಗಿನಿಂದ ಬರುತ್ತದೆ, ಅದನ್ನು ಬಾಗಿಲಲ್ಲೇ ಓಡಿಸಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ನಿಜದಲ್ಲಿ ಅದು ಬೀಗರಂತೆ, ನಾವು ನೋಡುವ ಹೊತ್ತಿಗೆ ಒಳಗೆ ಬಂದು ಊಟಕ್ಕೂ ಕೂತಾಗಿರುತ್ತದೆ. ಮೂತಿ ಇರುವ ಕಂದು ನುಸಿಯ ಹೆಣ್ಣು ಜೋಳದ ಕಾಳಿಗೆ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ತೂತಿನ ಮೇಲೆ ಅಂಟಿನಂಥದ್ದು ಮೆತ್ತಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಳು ಪೂರ್ತಿ. ಮರಿ ಒಳಗೇ ತಿಂದು, ಒಳಗೇ ಬೆಳೆದು, ಬೆಚ್ಚನೆಯ ದಿನಗಳಲ್ಲಿ ಒಂದು ತಿಂಗಳಿಗೆ ತುಸು ಹೆಚ್ಚು ಹೊತ್ತಿನಲ್ಲಿ ಗುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ಆದ್ದರಿಂದಲೇ ಇವತ್ತು ಜರಡಿ ಹಿಡಿದು ಹುಳ ತೆಗೆದ ಜೋಳದಲ್ಲಿ ಮುಂದಿನ ತಿಂಗಳು ಮತ್ತೆ ಹುಳ. ಅತ್ತೆ ಸೊಸೆಯ ಮೇಲೆ, ಸೊಸೆ ಜರಡಿಯ ಮೇಲೆ ಸಿಟ್ಟು ಮಾಡುತ್ತಾರೆ. ತಪ್ಪು ಇಬ್ಬರದೂ ಅಲ್ಲ, ಜರಡಿಯದೂ ಅಲ್ಲ.

ತೊಗರಿಯ ಕತೆ ಇದಕ್ಕಿಂತ ಬೇರೆ. ಅದರ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಕಣಕ್ಕೆ ಕಾಳಿನ ಜೊತೆಗೇ ಬಂದಿರುತ್ತದೆ. ಮನೆಗೆ ಬಂದ ಮೇಲೆ ನುಣುಪಾದ ಇಡಿ ಕಾಳಿನ ಸಿಪ್ಪೆಗೆ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ. ಒಂದು ಹಿಡಿ ತೊಗರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಸಿಪ್ಪೆಯ ಮೇಲೆ ಉಗುರಿಗೆ ಸಿಗುವ ಬಿಳಿ ಚುಕ್ಕೆ ಕಂಡರೆ ತಡ ಮಾಡುವ ಹಾಗಿಲ್ಲ. ಸಿಪ್ಪೆ ತೆಗೆದು ಒಡೆದ ಬೇಳೆ ಇದಕ್ಕೆ ಅಷ್ಟು ಒಗ್ಗುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಕೀಟಶಾಸ್ತ್ರ ಓದದೆ ಇದನ್ನು ಕಂಡುಕೊಂಡಿದ್ದರು. ಸಂಕ್ರಾಂತಿ ಆಸುಪಾಸಿನಲ್ಲಿ ತೊಗರಿ ಬರುತ್ತಿದ್ದಂತೆ ಬೀಜಕ್ಕೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದಕ್ಕೆ ಕೆಮ್ಮಣ್ಣು ಕಲಸಿ ಹಚ್ಚಿ, ರಾತ್ರಿ ಇಟ್ಟು, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿಗೆ ಹಾಕಿ ಬೇಳೆ ಮಾಡಿಬಿಡುತ್ತಿದ್ದರು. ಓಣಿಯ ತುಂಬ ಬೀಸುಕಲ್ಲಿನ ಗುಡುಗು. ಆ ಬೇಳೆಗೆ ಕಿಲೋಗೆ ಒಂದು ಚಮಚದ ಲೆಕ್ಕದಲ್ಲಿ ಔಡಲೆಣ್ಣೆ ಕೈಗೆ ಹಚ್ಚಿಕೊಂಡು ಒಂದೊಂದು ಬೇಳೆಗೂ ತಾಗುವ ಹಾಗೆ ತಿಕ್ಕುವುದು. ಎಣ್ಣೆಯ ಪರೆ ಮೊಟ್ಟೆಗೆ ಗಾಳಿ ಹೋಗದಂತೆ ಮಾಡುತ್ತದೆ. ಹಗೇವಿನ ವಿದ್ಯೆಯೇ ಇದು, ಒಂದೊಂದು ಕಾಳಿನ ಅಳತೆಗೆ ಇಳಿದದ್ದು. ಔಡಲೆಣ್ಣೆ ಬೇರೆ ಎಣ್ಣೆಯ ಹಾಗೆ ಬೇಗ ಕಮಟು ಹಿಡಿಯುವುದಿಲ್ಲ, ಅದಕ್ಕೇ ಅದು. ಹೆಚ್ಚು ಹಚ್ಚಿದರೆ ಮಾತ್ರ ಬೇಳೆ ಬೇಯುವಾಗ ಗೊತ್ತಾಗುತ್ತದೆ, ಉಂಡವರಿಗೆ ಮರುದಿನ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹುಳ ಆಗಲೇ ಒಳಹೊಕ್ಕ ಇಡಿ ತೊಗರಿಗೆ ನಮ್ಮ ಏಪ್ರಿಲ್ ಬಿಸಿಲೇ ಔಷಧ. ಬರೀ ಹರವಿದರೆ ಸಾಲದು. ದೊಡ್ಡ ಹುಳ ಬಿಸಿಗೆ ನೆರಳು ಹುಡುಕಿ ಓಡುತ್ತದೆ, ಒಳಗಿನ ಮರಿ ಹಾಗೇ ಉಳಿಯುತ್ತದೆ. ಕಪ್ಪು ತಾಡಪಾಲು ಹಾಸಿ, ಅದರ ಮೇಲೆ ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಕಾಳು ಹರವಿ, ಮೇಲೆ ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಬೇಕು. ನಡು ಮಧ್ಯಾಹ್ನದ ಎರಡು-ಮೂರು ತಾಸಿನಲ್ಲಿ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಟ್ಟೆ, ಮರಿ, ಮುದುಕ ಯಾರೂ ಉಳಿಯುವುದಿಲ್ಲ. ಕಾಳು ಮುಟ್ಟಿದರೆ ಕೈ ಹಿಂದಕ್ಕೆ ಬರಬೇಕು, ಅದೇ ಗುರುತು. ಬಿತ್ತುವ ಬೀಜಕ್ಕೆ ಇದು ಬೇಡ. ಇನ್ನೊಂದು ಮಾತು. ಬಿಸಿಲಿನಿಂದ ಎತ್ತಿದ ಕಾಳನ್ನು ಆ ಬಿಸಿಯಲ್ಲೇ ಚೀಲಕ್ಕೆ ತುಂಬಬಾರದು. ಒಳಗೆ ಬೆವರಿ, ರಾತ್ರಿ ತಣ್ಣಗಾದಾಗ ಆ ಬೆವರು ಚೀಲದ ಮೇಲ್ಗಡೆಯ ಕಾಳಿಗೇ ಇಳಿದು, ಅಲ್ಲಿಂದ ಕಾಳು ಗಂಟುಗಟ್ಟುತ್ತದೆ. ನೆರಳಿನಲ್ಲಿ ಪೂರ್ತಿ ಆರಬೇಕು, ಆದರೆ ರಾತ್ರಿಯ ಮಂಜಿಗೆ ಬಿಡಬಾರದು. ಮಾಳಿಗೆಯ ಮೇಲೆ ಮಲಗುವ ನಮ್ಮ ಮನೆಯ ಗಂಡಸರಿಗೆ ಆ ದಿನಗಳಲ್ಲಿ ಕಾಳಿಗಿಂತ ಕೆಳಗಿನ ಸ್ಥಾನ ಸಿಗುತ್ತಿತ್ತು.

ಈಗ ಹಗೇವು ಮತ್ತೆ ಬಂದಿದೆ, ಪ್ಲಾಸ್ಟಿಕ್ಕಿನ ರೂಪದಲ್ಲಿ. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಯುವ ರೈತರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮೂರು ಪದರದ ಚೀಲ ಮಾಡಿದರು. ಒಳಗೆ ಒಂದರೊಳಗೊಂದು ದಪ್ಪ ಪಾಲಿಥಿನ್ ಚೀಲ ಎರಡು, ಹೊರಗೆ ನಮ್ಮ ಗೊಬ್ಬರದ ಚೀಲದಂಥ ನೇಯ್ದದ್ದು. ಹುಳ ನೀರಿಲ್ಲದೆ ಸಾಯುವ ಸಂಗತಿಯನ್ನು ಸಾಬೀತು ಮಾಡಿದವರೂ ಅದೇ ಗುಂಪಿನವರು. ಇಂಥ ಗಾಳಿ ತೂರದ ಚೀಲಗಳು ಈಗ ನಮ್ಮಲ್ಲೂ ಸಿಗುತ್ತವೆ.

ನಮ್ಮ ವೈನಿ ಇದನ್ನು ನಂಬಲಿಲ್ಲ. ನಂಬದವರೇ ಒಳ್ಳೆಯ ಪರೀಕ್ಷೆ ಮಾಡುತ್ತಾರೆ. ಮನೆಗೆ ಬಂದಿದ್ದ ಎರಡು ಕ್ವಿಂಟಲ್ ಮಾಲ್ದಂಡಿ ಜೋಳದಲ್ಲಿ ಒಂದೂವರೆ ಕ್ವಿಂಟಲನ್ನು ಮೂರು ಹೊಸ ಚೀಲಕ್ಕೆ, ಉಳಿದ 50 ಕಿಲೋವನ್ನು ಹಳೆ ಗೋಣಿಗೆ ಹಾಕಿಸಿದಳು. "ಯಾವುದು ಗೆಲ್ತದ ನೋಡಿಯೇಬಿಡಾಣು" ಅಂದಳು. ಜೋಳ ಹಸನು ಮಾಡಿ ನುಚ್ಚು, ಧೂಳು ಜರಡಿ ಹಿಡಿದರು. ಒಡೆದ ಕಾಳು, ಹಿಟ್ಟು ಇದ್ದಲ್ಲಿ ಹಿಟ್ಟಿನ ಕೆಂಪು ಹುಳ ಮೊದಲು ಮನೆ ಮಾಡುತ್ತದೆ. ಎರಡು ಬಿಸಿಲು, ಒಂದು ಸಂಜೆಯ ನೆರಳು. ಒಳಚೀಲ ಎರಡನ್ನೂ ಮೊದಲು ಗಾಳಿ ತುಂಬಿ ಒತ್ತಿ, ತೂತಿದೆಯೇ ಅಂತ ಕಿವಿ ಹಚ್ಚಿ ನೋಡಿದಳು. ಜೋಳ ಸುರಿದು ಚೀಲ ಕುಕ್ಕಿ ಕುಕ್ಕಿ ಕೂರಿಸಿದರು, ಕಾಳಿನ ಮೇಲೆ ಖಾಲಿ ಜಾಗ ಉಳಿದಷ್ಟೂ ಹುಳಕ್ಕೆ ಉಸಿರು ಹೆಚ್ಚು. ಮೇಲಿನ ಗಾಳಿ ಒತ್ತಿ ತೆಗೆದು, ಒಳಚೀಲದ ಕತ್ತು ಹಿಂಡಿ ಹುರಿಮಾಡಿ, ಮಡಚಿ, ಹುರಿಯಿಂದ ಬಿಗಿದರು. ಎರಡನೆಯದಕ್ಕೂ ಬೇರೆಯಾಗಿ ಹಾಗೇ. ಆಮೇಲೆ ಹೊರಚೀಲ. ಗೋಡೆಯಿಂದ ಒಂದು ಮೊಳ ಬಿಟ್ಟು, ಹಲಗೆಯ ಮೇಲೆ ನಿಲ್ಲಿಸಿದರು. ಎರಡು ತಿಂಗಳು ಬಿಚ್ಚುವಂತಿಲ್ಲ ಅಂತ ಕರಾರು. ಬಿಚ್ಚಿ ಬಿಚ್ಚಿ ನೋಡಿದರೆ ಪ್ರತಿ ಸಲವೂ ಹೊಸ ಗಾಳಿ ಒಳಗೆ ಹೋಗಿ, ಅರೆಜೀವ ಆದ ಹುಳ ಎದ್ದು ಕೂರುತ್ತದೆ.

ಶ್ರಾವಣದಲ್ಲಿ ತೀರ್ಪು. ಗೋಣಿಯೊಳಗೆ ಮೊಳಕೈವರೆಗೆ ಕೈ ತೂರಿಸಿದಾಗ ಒಳಗೆ ಬೆಚ್ಚಗಿತ್ತು. ಹುಳ ಗುಂಪಾಗಿ ಉಸಿರಾಡುವ ಕಡೆ ಕಾಳು ಕಾವು ಏರುತ್ತದೆ, ಕಣ್ಣಿಗೆ ಹುಳ ಕಾಣುವ ಮೊದಲು ಕೈಗೆ ಗೊತ್ತಾಗುತ್ತದೆ. ತಳದಲ್ಲಿ ಹಿಟ್ಟಿನ ಪುಡಿ, ನೀರಿಗೆ ಹಾಕಿದರೆ ತೇಲುವ ತೂತು ಕಾಳು. ಹೊಸ ಚೀಲದಲ್ಲಿ ಕೈಗೆ ತಣ್ಣಗಿತ್ತು. ಮೇಲ್ಗಡೆ ಒಂದಷ್ಟು ಸತ್ತ ನುಸಿ, ಒಣಗಿ ಹಗುರಾಗಿದ್ದವು. ವೈನಿ ಒಂದನ್ನು ಅಂಗೈಯಲ್ಲಿಟ್ಟು ಉಫ್ ಅಂದಳು, ಹಾರಿಹೋಯಿತು. ಇಲ್ಲೊಂದು ಒಗಟಿದೆ. ಹುಳ ಹೆಚ್ಚಿದ್ದ ಚೀಲದಲ್ಲಿ ಆಮ್ಲಜನಕ ಬೇಗ ತೀರಿ ಅವು ಬೇಗ ಸಾಯುತ್ತವೆ, ಸ್ವಚ್ಛ ಕಾಳಿನ ಚೀಲದಲ್ಲಿ ಒಂದೆರಡು ಹುಳ ಬಹಳ ದಿನ ಆರಾಮಾಗಿ ಇರಬಲ್ಲವು. ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಂದೆರಡು ಹುಳದಿಂದ ಚೀಲ ಬರಿದಾಗುವುದಿಲ್ಲ. ಬೇಜಾರು ಬೇರೆ ಕಡೆ ಇದೆ. ಗಟ್ಟಿಹಲ್ಲಿನ ಒಂದು ಜಾತಿಯ ಕೊರಕ ಹುಳ ಪಾಲಿಥಿನ್ನನ್ನೂ ತೂತು ಮಾಡಬಲ್ಲದು, ಇಲಿಗಂತೂ ಮೂರು ಪದರ ಒಂದು ಲೆಕ್ಕವೇ ಅಲ್ಲ. ತಿಂಗಳ ಖರ್ಚಿನ ಜೋಳವನ್ನು ಬೇರೆ ಡಬ್ಬಿಗೆ ಒಂದೇ ಸಲ ತೆಗೆದಿಟ್ಟು ದೊಡ್ಡ ಚೀಲವನ್ನು ಕೂಡಲೇ ಬಿಗಿಯದಿದ್ದರೆ ಈ ವಿದ್ಯೆಯೆಲ್ಲ ವ್ಯರ್ಥ. ಹಸಿಕಾಳು ತುಂಬಿದರಂತೂ ಕತೆ ಮುಗಿಯಿತು. ಗೋಣಿಯಲ್ಲಾದರೆ ಗಾಳಿಗೆ ತುಸು ಒಣಗುತ್ತಿತ್ತು, ಇಲ್ಲಿ ಹಾಗೇ ಕೊಳೆಯುತ್ತದೆ. ಆಯಿಯ ಹಲ್ಲಿನ ಪರೀಕ್ಷೆಗೆ ಈ ಚೀಲ ಬಂದ ಮೇಲೆ ಬೆಲೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ.

ಹಿಟ್ಟನ್ನು ಮಾತ್ರ ಯಾವ ಚೀಲವೂ ಕಾಪಾಡುವುದಿಲ್ಲ. ಸಜ್ಜೆ ಹಿಟ್ಟು ಬೀಸಿ ವಾರ ಕಳೆಯುವುದರೊಳಗೆ ಕಹಿ ಹಿಡಿಯುತ್ತದೆ. ಅದರ ಮೊಳಕೆಯ ಭಾಗದ ಎಣ್ಣೆ ಬೀಸಿದಾಗ ಹೊರಬಂದು ಗಾಳಿಗೆ ಕೆಡುತ್ತದೆ. ಕಾಳು ವರ್ಷ ಇರಲಿ, ಹಿಟ್ಟು ನಾಲ್ಕು ದಿನದ್ದಿರಲಿ. ಖಾರದ ಮಾತೂ ಇದೇ. ಮೆಣಸಿನಕಾಯಿಯ ಬಣ್ಣವನ್ನು ತಿನ್ನುವುದು ಬೆಳಕು ಮತ್ತು ಬಿಸಿ, ಅದಕ್ಕೇ ಬ್ಯಾಡಗಿಯ ವ್ಯಾಪಾರಿಗಳು ಕೋಲ್ಡ್ ಸ್ಟೋರೇಜಿನ ಬಾಡಿಗೆ ಕೊಡುತ್ತಾರೆ. ಸಂತೆಯಲ್ಲಿ ಕೊಳ್ಳುವಾಗ ಒಂದು ಕಾಯಿ ಅಲುಗಾಡಿಸಿ, ಒಳಗೆ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ತೂಕಕ್ಕೆ ನೀರು ಚಿಮುಕಿಸಿರಬಹುದು. ಆಗ ಒಂದು ಕಾಯಿ ಸೀಳಿ ನೋಡಿ, ಬೀಜದ ಸುತ್ತ ಬೂದು ಬಿಳುಪು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಕೊತ್ತಂಬರಿ ಬೀಜವನ್ನೂ ಅರಿಶಿನದ ಕೊಂಬನ್ನೂ ಇಡಿಯಾಗಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು ಬೇಕಾದಾಗ ಕುಟ್ಟಿಕೊಂಡರೆ ವಾಸನೆ ಉಳಿಯುತ್ತದೆ. ಅವುಗಳಲ್ಲಿ ಸಣ್ಣ ಕಂದು ಹುಳ ಕಂಡರೆ ಅದು ತಂಬಾಕನ್ನೂ ಬಿಡದೆ ತಿನ್ನುವ ಜಾತಿ, ಖಾರಕ್ಕೆ ಹೆದರುತ್ತದೆ ಅಂತ ನಂಬಬೇಡಿ. ಊರು ಬಿಟ್ಟು ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಊರಿಂದ ಒಯ್ದ ಬೇಳೆ, ಖಾರದ ಪುಡಿಯನ್ನು ಗಾಳಿ ಹೋಗದ ಪಾಕೀಟಿನಲ್ಲಿ ಕಟ್ಟಿ ವಾರವಿಡೀ ಫ್ರೀಜರಿನಲ್ಲಿಟ್ಟು ಹೊರತೆಗೆಯುತ್ತಾರೆ. ಆ ಚಳಿಗೆ ಮೊಟ್ಟೆಯೂ ಸಾಯುತ್ತದೆ. ಪಾಕೀಟು ಹೊರಗಿನ ಬಿಸಿಗೆ ಬರುವವರೆಗೆ ಬಿಚ್ಚಬಾರದು, ಬಿಚ್ಚಿದರೆ ತಂಪು ಕಾಳಿನ ಮೇಲೆ ನೀರು ಕೂರುತ್ತದೆ.

ಮೂರು ಚೀಲ ಗೆದ್ದ ಮೇಲೆ ವೈನಿ ಓಣಿಯ ಹೆಂಗಸರಿಗೆಲ್ಲ ಪಾಠ ಹೇಳಲು ಶುರುಮಾಡಿದಳು. ಪಕ್ಕದ ಮನೆಯ ಅಕ್ಕ ಚೀಲ ಒತ್ತಿ ನೋಡಿ, "ಇದಕ್ಕೆ ಎಷ್ಟು ಕೊಟ್ರಿ ವೈನಿ?" ಅಂತ ಕೇಳಿದಳು. ಬೆಲೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ರೊಕ್ಕದಾಗ ಎಷ್ಟು ಜೋಳ ಬರ್ತಿತ್ತು?" ಅಂದಳು. ವೈನಿ ಬೆರಳಲ್ಲಿ ಲೆಕ್ಕ ಹಾಕಿ, ಗೋಣಿಯಲ್ಲಿ ನುಸಿ ತಿಂದದ್ದರ ಬೆಲೆಯನ್ನೂ ಕೂಡಿಸಿ, ಎರಡು-ಮೂರು ವರ್ಷ ಬಳಸಿದರೆ ಚೀಲವೇ ಅಗ್ಗ ಅಂತ ಸಾಧಿಸಿದಳು. ಅಕ್ಕ ತಲೆ ಆಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಬಂದು, "ಖಾಲಿ ಆದ ಚೀಲ ಒಂದು ಕೊಡ್ರಿ, ಶೇಂಗಾ ಹಾಕಿ ನೋಡ್ತೀನಿ" ಅಂದಳು. ವೈನಿ ಕೊಟ್ಟಳು, ಆದರೆ ಮೊದಲು ಗಾಳಿ ತುಂಬಿ, ಒತ್ತಿ, ಕಿವಿ ಹಚ್ಚಿ ನೋಡಿಯೇ ಕೊಟ್ಟಳು. ಬುಡದಲ್ಲಿ ಸಣ್ಣಗೆ ಸುಯ್ ಅಂತಿತ್ತು. "ಇದು ನಡೆಯಂಗಿಲ್ಲ, ಇದರಾಗ ಉಳ್ಳಾಗಡ್ಡಿ ಇಡು" ಅಂದು ಒಳಗೆ ಹೋಗಿ ಬೇರೊಂದು ತಂದಳು.